ಇಬ್ಬನಿ ಅವರೆಗಿರಲಿ, ರಾಗಿಗೆ ಬೇಡ: ಮನೆಬಾಗಿಲಿಗೆ ಮಾರುವ ಬೆಳೆಯ ಚಿತ್ರ ತೆಗೆಯುವ ಕ್ರಮ



ಸಂಘಕ್ಕೆ ಹಾಲು ಹಾಕುವುದರ ಜೊತೆಗೆ ತಾವು ಬೆಳೆದ ತರಕಾರಿ, ರಾಗಿಯನ್ನು ಪಟ್ಟಣದ ಮನೆಗಳಿಗೆ ನೇರವಾಗಿ ಮಾರುವ ಸದಸ್ಯರು ಈಗ ಅನೇಕರಿದ್ದಾರೆ. ಇವರು ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಬೇಡಿಕೆ ಪಡೆಯುತ್ತಾರೆ, ಅದೇ ಚಿತ್ರವನ್ನು ಪೊಟ್ಟಣದ ಮೇಲೂ ಅಚ್ಚು ಹಾಕಿಸುತ್ತಾರೆ. ಬಿದಿರಿನ ಬುಟ್ಟಿ, ಎಲೆಯ ಮೇಲೆ ಇಬ್ಬನಿ, ಬೆಳಗಿನ ಎಳೆಬಿಸಿಲು, ಇವು ಮೂರೂ ಇಂತಹ ಚಿತ್ರಗಳಲ್ಲಿ ಸಾಮಾನ್ಯ. ಇವನ್ನು ತೆಗೆಯುವ ಕ್ರಮವನ್ನೂ, ಇಬ್ಬನಿಯ ವಿಷಯದಲ್ಲಿ ಕಾಳಿಗೂ ತರಕಾರಿಗೂ ಇರುವ ವ್ಯತ್ಯಾಸವನ್ನೂ ಇಲ್ಲಿ ತಿಳಿಸಲಾಗಿದೆ.

ಒಬ್ಬ ಸದಸ್ಯೆಯ ಬಳಿ ಮಾರಾಟಕ್ಕೆ ಸೊಗಡವರೆ ಮತ್ತು ರಾಗಿ ಇವೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಚಿತ್ರ ಬೇಕು. ಒಂದೇ ಬೆಳಿಗ್ಗೆ ಎರಡನ್ನೂ ತೆಗೆಯಬಹುದು, ಆದರೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಲ್ಲ.

ಮೊದಲು ಅವರೆ

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಎಲೆ ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿನ ತೇವ ಎಲೆಯ ಮೇಲೆ ಹನಿಯಾಗಿ ಕೂರುತ್ತದೆ. ಇದೇ ಇಬ್ಬನಿ. ಅವರೆ ಕಾಯಿ ಬರುವ ಡಿಸೆಂಬರ್, ಜನವರಿಯಲ್ಲಿ ಇದು ಹೇರಳ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು ಎಂದು ಕೊಳ್ಳುವವರೂ ನಂಬಿರುವುದರಿಂದ, ಅವರೆಯ ಚಿತ್ರದಲ್ಲಿ ಇಬ್ಬನಿ ಇರುವುದು ಸಹಜವೇ ಆಗಿದೆ.

ಸೂರ್ಯ ಹುಟ್ಟಿದ ಮೇಲೆ ಸುಮಾರು ಒಂದು ಗಂಟೆಯೊಳಗೆ ಚಿತ್ರ ತೆಗೆಯಬೇಕು. ಆಗ ಬಿಸಿಲು ಓರೆಯಾಗಿ ಬೀಳುತ್ತದೆ, ಬಣ್ಣ ಹೊಂಬಣ್ಣವಾಗಿರುತ್ತದೆ, ನೆರಳು ಕಡುಕಪ್ಪಾಗಿರುವುದಿಲ್ಲ. ತೆಳುಮಂಜು ಇದ್ದರೆ ಬೆಳಕು ಇನ್ನೂ ಮೃದುವಾಗುತ್ತದೆ. ಬಿಸಿಲೇರಿದಂತೆ ಹನಿ ಆರುತ್ತದೆ, ನೆರಳೂ ಗಡುಸಾಗುತ್ತದೆ.

ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಹನಿಗಳು ಕಾಣುವುದೇ ಇಲ್ಲ, ಜೊತೆಗೆ ನಿಮ್ಮ ನೆರಳೇ ಗಿಡದ ಮೇಲೆ ಬೀಳುತ್ತದೆ. ಬೆಳಕು ಗಿಡದ ಪಕ್ಕದಿಂದ ಅಥವಾ ಸ್ವಲ್ಪ ಹಿಂದಿನಿಂದ ಬರುವಂತೆ ನಿಲ್ಲಿ. ಆಗ ಒಂದೊಂದು ಹನಿಯೂ ಹೊಳೆಯುತ್ತದೆ. ಕಾಯಿಯ ಈಚೆ ಬದಿ ಕಪ್ಪಾಗಿ ಕಂಡರೆ ಒಂದು ಬಿಳಿ ಪಂಚೆಯನ್ನೋ ಬಿಳಿ ರಟ್ಟನ್ನೋ ಆ ಬದಿಗೆ ಹಿಡಿದರೆ ಸಾಕು, ಬೆಳಕು ಅದರಿಂದ ಮರಳಿ ಕಾಯಿಯ ಮೇಲೆ ಬೀಳುತ್ತದೆ. ಮೊಬೈಲಿನ ಪರದೆಯಲ್ಲಿ ಕಾಯಿಯ ಮೇಲೆ ಬೆರಳು ಒತ್ತಿ, ಚಿತ್ರ ಸ್ಪಷ್ಟವಾದ ನಂತರ ತೆಗೆಯಿರಿ. ಫ್ಲಾಶ್ ಬೇಡ. ಹಾಲು ಕರೆದ ಕೈಯಲ್ಲಿ ಮೊಬೈಲ್ ಹಿಡಿದಿದ್ದರೆ ಲೆನ್ಸಿನ ಮೇಲೆ ಜಿಡ್ಡು ಕೂತು ಚಿತ್ರವೆಲ್ಲ ಮಸುಕಾಗುತ್ತದೆ. ಮೊದಲು ಒಣ ಹತ್ತಿ ಬಟ್ಟೆಯಿಂದ ಒರೆಸಿಕೊಳ್ಳಿ.

ಈ ಚಿತ್ರವನ್ನು ಹೊಲದ ಅಂಚಿನಲ್ಲಿ ನಿಂತೇ ತೆಗೆಯಿರಿ. ಗಿಡ ಒದ್ದೆಯಿರುವಾಗ ಸಾಲಿನೊಳಗೆ ಓಡಾಡಿದರೆ ಎಲೆರೋಗಗಳು ಬಟ್ಟೆ, ಕೈಗಳ ಮೂಲಕ ಗಿಡದಿಂದ ಗಿಡಕ್ಕೆ ಹರಡುತ್ತವೆ. ಬುಟ್ಟಿಯ ಚಿತ್ರಕ್ಕೆ ಅಂಚಿನ ಗಿಡದಿಂದ ಒಂದೆರಡು ಬೊಗಸೆ ಕಾಯಿ ಕಿತ್ತುಕೊಂಡರೆ ಸಾಕು. ಮಾರುವ ಕಾಯಿಯನ್ನು ಇಬ್ಬನಿ ಆರಿದ ಮೇಲೆ ಬಿಡಿಸಬೇಕು. ಒದ್ದೆ ಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೇ ಬೆವೆತು ಲೋಳೆಗಟ್ಟುತ್ತದೆ.

ಬುಟ್ಟಿ

ಬಣ್ಣ ಬಳಿದ ಬುಟ್ಟಿ ಬೇಡ, ಕಣ್ಣು ಅದರ ಮೇಲೆಯೇ ಹೋಗುತ್ತದೆ. ಬಣ್ಣವಿಲ್ಲದ ಬಿದಿರಿನ ಬುಟ್ಟಿ ಹಸಿರಿಗೂ ರಾಗಿಯ ಕೆಂಪಿಗೂ ಹೊಂದುತ್ತದೆ. ಕಡಿಮೆ ಕಾಯಿಯಿಂದಲೂ ಬುಟ್ಟಿ ತುಂಬಿ ಕಾಣಬೇಕಾದರೆ ತಳದಲ್ಲಿ ಒಂದು ತಟ್ಟೆಯನ್ನು ಬೋರಲು ಹಾಕಿ, ಮೇಲೆ ಬಟ್ಟೆ ಹಾಸಿ. ಆದರೆ ಚಿತ್ರದ ಕೆಳಗೆ ತೂಕ ಬರೆದಿದ್ದರೆ ಬುಟ್ಟಿಯಲ್ಲಿ ಅಷ್ಟೇ ತೂಕ ಇರಬೇಕು. ಸಗಣಿ ಹೊತ್ತ ಬುಟ್ಟಿ, ಹಿಂಡಿ ಅಳೆಯುವ ಮೊರ ಇವನ್ನು ಎಷ್ಟು ತೊಳೆದರೂ ತಿನ್ನುವ ಪದಾರ್ಥಕ್ಕೆ ಬಳಸಬಾರದು. ಹೆಣಿಗೆಯ ಸಂದಿಯಲ್ಲಿ ಉಳಿದದ್ದು ಚಿತ್ರದಲ್ಲಿ ಕಾಣದಿದ್ದರೂ ಕಾಳಿಗೆ ಅಂಟುತ್ತದೆ.

ಆಮೇಲೆ ರಾಗಿ

ರಾಗಿಯನ್ನು ಹೊಲಕ್ಕೆ ಒಯ್ಯಬೇಡಿ, ಅದರ ಮೇಲೆ ನೀರು ಚಿಮುಕಿಸಲೂ ಬೇಡಿ. ಒಣಗಿದ ಕಾಳು ತೇವದ ಗಾಳಿಯಲ್ಲಿಟ್ಟರೇ ನೀರು ಹೀರುತ್ತದೆ, ಚಿಮುಕಿಸಿದರಂತೂ ಹೇಳುವುದೇ ಬೇಡ. ಶೇಖರಿಸುವ ರಾಗಿಯಲ್ಲಿ ತೇವಾಂಶ ಶೇ. 12ನ್ನು ಮೀರದಿದ್ದರೆ ಒಳ್ಳೆಯದು. ಒಂದು ಬೊಗಸೆ ಒದ್ದೆ ಕಾಳನ್ನು ಮರಳಿ ಮೂಟೆಗೆ ಸುರಿದರೆ ಅಲ್ಲೇ ಗಂಟು ಕಟ್ಟಿ, ಮುಗ್ಗು ವಾಸನೆ ಬಂದು, ಬೂಷ್ಟು ಸುತ್ತಲಿನ ಕಾಳಿಗೂ ಹಬ್ಬುತ್ತದೆ.

ಕಾಳಿಗೂ ಮೃದುವಾದ ಬೆಳಕು ಬೇಕು. ಅದು ಜಗಲಿಯಲ್ಲೇ ಸಿಗುತ್ತದೆ. ಬೆಳಿಗ್ಗೆ 8 ಗಂಟೆಯ ನಂತರ, ಇಬ್ಬನಿ ಆರಿದ ಮೇಲೆ, ನೇರ ಬಿಸಿಲು ಬೀಳದ ಕಡೆ, ಒಂದು ಪಕ್ಕದಿಂದ ಮಾತ್ರ ಬೆಳಕು ಬರುವಂತೆ ಬುಟ್ಟಿ ಇಡಿ. ಪಕ್ಕದ ಬೆಳಕಿನಲ್ಲಿ ಒಂದೊಂದು ಕಾಳಿಗೂ ಪುಟ್ಟ ನೆರಳು ಬಿದ್ದು ರಾಶಿ ಉರುಟಾಗಿ ಕಾಣುತ್ತದೆ. ಮೇಲಿನಿಂದ ಬೆಳಕು ಬಿದ್ದರೆ ರಾಗಿ ಬರೀ ಕೆಂಪು ಮಣ್ಣಿನಂತೆ ಕಾಣುವುದು. ಕೆಳಗೆ ಬಿಳಿ ಬಟ್ಟೆ ಹಾಸಿದರೆ ರಾಗಿಯ ಬಣ್ಣ ಏಳುತ್ತದೆ. ಮೊಬೈಲನ್ನು ಒಂದು ಅಡಿ ದೂರದಲ್ಲಿ ಹಿಡಿಯಿರಿ. ತೀರಾ ಹತ್ತಿರ ಹೋದರೆ ಕಾಳು ಮಸುಕಾಗುತ್ತದೆ. ಬೇಕಾದಷ್ಟು ಭಾಗವನ್ನು ಆಮೇಲೆ ಕತ್ತರಿಸಿಕೊಳ್ಳಬಹುದು.

ತೆಗೆದ ಮೇಲೆ ಪರದೆಯ ಪಕ್ಕದಲ್ಲಿ ನಿಜವಾದ ಕಾಳನ್ನು ಹಿಡಿದು ಬಣ್ಣ ಹೋಲಿಸಿ ನೋಡಿ. ಹೊಂಬಣ್ಣ ಅತಿಯಾದರೆ ಹಸಿರು ಕಾಯಿ ಬಲಿತು ಹಳದಿಯಾದಂತೆ ಕಾಣುತ್ತದೆ, ಬಿಳಿ ಅಕ್ಕಿ ಹಳೆಯದರಂತೆ ಕಾಣುತ್ತದೆ.

ನಕಲಿ ಇಬ್ಬನಿ

ಪೇಟೆಯ ಛಾಯಾಗ್ರಾಹಕರು ನೀರಿಗೆ ಗ್ಲಿಸರಿನ್ ಬೆರೆಸಿ ಸಿಂಪಡಿಸುವುದುಂಟು. ಆ ಹನಿ ಬೇಗ ಆರುವುದಿಲ್ಲ, ಜಾರುವುದೂ ಇಲ್ಲ. ಹಾಗೆ ಸಿಂಪಡಿಸಿದ ತರಕಾರಿಯನ್ನು ಮಾರಬಾರದು. ಎರಡು ದಿನದ ಹಿಂದೆ ಕಿತ್ತ ಬಾಡಿದ ಕಾಯಿಗೆ ನೀರು ಚಿಮುಕಿಸಿ ಈಗಷ್ಟೇ ಕಿತ್ತದ್ದು ಎಂದು ತೋರಿಸುವುದೂ ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ನಿಜವಾದ ಇಬ್ಬನಿಯಲ್ಲಿ ಹನಿಗಳು ಸಣ್ಣದು ದೊಡ್ಡದಾಗಿ ಎಲೆಯ ಅಂಚು, ನವುರು ಕೂದಲುಗಳ ಮೇಲೆ ಕೂತಿರುತ್ತವೆ. ಸಿಂಪಡಿಸಿದ ನೀರು ಬುಟ್ಟಿಯ ಮೇಲೂ ಬಟ್ಟೆಯ ಮೇಲೂ ಬಿದ್ದು ಕಲೆ ಮಾಡಿರುತ್ತದೆ. ಅಡಿಗೆ ಮಾಡುವ ಹೆಣ್ಣುಮಕ್ಕಳು ಇದನ್ನು ಥಟ್ಟನೆ ಗುರುತಿಸುತ್ತಾರೆ.

ಒದ್ದೆಯಾದ ಕಾಳನ್ನು ಏನು ಮಾಡಬೇಕು?

ಚಿತ್ರಕ್ಕಾಗಿ ಒದ್ದೆಯಾದ ಕಾಳನ್ನು "ಹಸುವಿಗಾದರೂ ಆಗಲಿ" ಎಂದು ಬಾನಿಯ ಪಕ್ಕ ಇಡುವವರಿದ್ದಾರೆ. ಹಾಗೆ ಇಟ್ಟು ಮರೆತ ಕಾಳಿಗೆ ಬೂಷ್ಟು ಬರುತ್ತದೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿಗಳಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಕೆಲವು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಅದನ್ನು ತಿಂದ ಹಸುವಿನ ಹಾಲಿನಲ್ಲಿ ಅದರ ಅಂಶ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರುವಂತಿಲ್ಲ. ಬೂಷ್ಟನ್ನು ಉಜ್ಜಿ ತೆಗೆದರೂ, ತೊಳೆದರೂ ವಿಷ ಕಾಳಿನೊಳಗೆ ಉಳಿದಿರುತ್ತದೆ.

ಆದುದರಿಂದ ಒದ್ದೆಯಾದ ಕಾಳನ್ನು ಅಂದೇ ತೆಳುವಾಗಿ ಹರಡಿ ಬಿಸಿಲಿನಲ್ಲಿ ಒಣಗಿಸಿ, ಮೂಟೆಗೆ ಸೇರಿಸದೆ ಮನೆಗೆ ಮೊದಲು ಬಳಸಿಕೊಳ್ಳಿ. ಮುಗ್ಗು ವಾಸನೆ ಬಂದಿದ್ದರೆ ಅಥವಾ ಹಸಿರು, ಬೂದು ಬಣ್ಣದ ಬೂಷ್ಟು ಕಂಡರೆ ಮನುಷ್ಯರಿಗೂ ಬೇಡ, ದನಕ್ಕೂ ಕೋಳಿಗೂ ಬೇಡ, ಮಣ್ಣಿನಲ್ಲಿ ಹೂತುಬಿಡಿ. ಇಂತಹ ಮೇವು ಈಗಾಗಲೇ ತಿಂದಿರುವ ಹಸು ಮೇವು ಬಿಟ್ಟರೆ ಅಥವಾ ಹಾಲು ಕಡಿಮೆ ಮಾಡಿದರೆ, ಆ ಹಿಂಡಿ ಅಥವಾ ಕಾಳಿನ ಮಾದರಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಇಟ್ಟುಕೊಂಡು, ಸಂಘದ ಕಾರ್ಯದರ್ಶಿಯ ಮೂಲಕ ಪಶುವೈದ್ಯರಿಗೆ ತಿಳಿಸಿ.