ಅಮ್ಮನೇ ರೋಗಿ, ಮಗಳೇ ಡಾಕ್ಟರು: 'ಓಸ್ಕಿ' ಪರೀಕ್ಷೆಗೆ ಮನೆಯಲ್ಲಿ ಅಭ್ಯಾಸ

ನಿಮ್ಮ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಯಾರಾದರೂ ಎಂ.ಬಿ.ಬಿ.ಎಸ್. ಓದುತ್ತಿದ್ದರೆ 'ಓಸ್ಕಿ' ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಇದು ವೈದ್ಯ ವಿದ್ಯಾರ್ಥಿಗಳಿಗೆ ನಡೆಸುವ ಒಂದು ಬಗೆಯ ಪ್ರಾಯೋಗಿಕ ಪರೀಕ್ಷೆ. ಸಾಲಾಗಿ ಹಲವು ಮೇಜು ಅಥವಾ ಕೋಣೆಗಳಿರುತ್ತವೆ. ಒಂದೊಂದಕ್ಕೂ 'ಸ್ಟೇಷನ್' ಎಂದು ಹೆಸರು. ಗಂಟೆ ಬಾರಿಸಿದಾಗ ವಿದ್ಯಾರ್ಥಿ ಒಳಗೆ ಹೋಗಬೇಕು, ಬಾಗಿಲಲ್ಲಿ ಬರೆದಿರುವ ಕೆಲಸವನ್ನು ಐದೋ ಎಂಟೋ ನಿಮಿಷಗಳಲ್ಲಿ ಮಾಡಿ ಮುಗಿಸಬೇಕು, ಮತ್ತೆ ಗಂಟೆಯಾದರೆ ಮುಂದಿನ ಸ್ಟೇಷನ್‌ಗೆ ನಡೆಯಬೇಕು. ಎಲ್ಲರಿಗೂ ಅದೇ ಕೆಲಸ, ಅದೇ ಅಂಕಪಟ್ಟಿ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಈ ಪದ್ಧತಿಯನ್ನು ಲೋಕಕ್ಕೆ ತಿಳಿಸಿದರು. ಒಬ್ಬ ವಿದ್ಯಾರ್ಥಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ ಸಿಗುವ ಹಳೆಯ ಪರೀಕ್ಷೆಯ ಅದೃಷ್ಟದಾಟ ಇದರಿಂದ ಕಡಿಮೆಯಾಯಿತು.

ಕೆಲವು ಸ್ಟೇಷನ್‌ಗಳಲ್ಲಿ ನಿಜವಾದ ರೋಗಿಯ ಬದಲು, ರೋಗಿಯ ಪಾತ್ರ ವಹಿಸುವ ಆರೋಗ್ಯವಂತ ವ್ಯಕ್ತಿ ಕುಳಿತಿರುತ್ತಾರೆ. ವಿದ್ಯಾರ್ಥಿಗಳು ಮುಗ್ಗರಿಸುವುದು ಹೆಚ್ಚಾಗಿ ಇಂಥಲ್ಲಿಯೇ. ಇದಕ್ಕೆ ಮನೆಯವರು ನಿಜವಾಗಿ ನೆರವಾಗಬಲ್ಲರು. ಹೇಗೆಂಬುದನ್ನು ಒಂದೇ ಉದಾಹರಣೆಯಿಂದ ನೋಡೋಣ.

ನನ್ನ ಪರಿಚಯದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸಕ್ಕೆ ಆರಿಸಿಕೊಂಡ ಸ್ಟೇಷನ್ ಹೀಗಿತ್ತು: 'ಲಕ್ಷ್ಮಮ್ಮ, 42 ವರ್ಷ. ಉಬ್ಬಸ. ಬೆಳಿಗ್ಗೆ ಸಂಜೆ ಎರಡೆರಡು ಸಲ ಎಳೆದುಕೊಳ್ಳಲು ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಡಲಾಗಿದೆ. ಬಳಸುವ ಕ್ರಮ ತಿಳಿಸಿ. 5 ನಿಮಿಷ.' ಲಕ್ಷ್ಮಮ್ಮನಾಗಿ ಕುಳಿತವರು ಅವಳ ತಾಯಿ. ಗಡಿಯಾರ ಮತ್ತು ಅಂಕಪಟ್ಟಿ ಹಿಡಿದವರು ತಂದೆ.

ತಾಯಿಯ ಕೈಗೆ ನಾನು ಒಂದು ಚೀಟಿ ಕೊಟ್ಟಿದ್ದೆ. ಮಗಳಿಗೆ ಅದನ್ನು ತೋರಿಸುವಂತಿರಲಿಲ್ಲ. ಅದರಲ್ಲಿ ಮೂರು ಭಾಗ. ಮೊದಲನೆಯದು, ಕೇಳದೆಯೇ ಹೇಳಬೇಕಾದ ಒಂದು ಮಾತು: 'ಪಂಪು ಕೊಟ್ಟಿದ್ದಾರೆ ಡಾಕ್ಟ್ರೇ, ಹೇಗೆ ತಗೋಬೇಕೋ ಗೊತ್ತಿಲ್ಲ.' ಎರಡನೆಯದು, ಕೇಳಿದರೆ ಮಾತ್ರ ಹೇಳಬೇಕಾದದ್ದು: ಪಂಪು ಹಿಡಿದರೆ ಬಿಡುವುದಕ್ಕಾಗುವುದಿಲ್ಲ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಆದ್ದರಿಂದ ದಮ್ಮು ಬಂದ ದಿನ ಮಾತ್ರ ಎಳೆದುಕೊಳ್ಳುವುದು ಎಂದು ಲಕ್ಷ್ಮಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದ್ದಾರೆ. ಮೂರನೆಯದು, ಮಾಡಿ ತೋರಿಸಿ ಎಂದರೆ ಮಾಡಬೇಕಾದ ತಪ್ಪು: ಮೊದಲು ಒತ್ತಿ, ಆಮೇಲೆ ಉಸಿರು ಎಳೆಯುವುದು.

ಮೊದಲ ಸಲ ಹುಡುಗಿ ನಾಲ್ಕೂವರೆ ನಿಮಿಷ ಸೊಗಸಾಗಿ ಪಾಠ ಹೇಳಿದಳು. ಮುಚ್ಚಳ ತೆಗೆದು ಒಳಗೆ ಕಸವಿಲ್ಲವೆಂದು ನೋಡಬೇಕು, ಚೆನ್ನಾಗಿ ಕುಲುಕಬೇಕು. ಹೊಸದಾದರೆ ಮೊದಲು ಗಾಳಿಗೆ ಒತ್ತಿ ಪರೀಕ್ಷಿಸಬೇಕು. ನೆಟ್ಟಗೆ ಕುಳಿತು ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟು, ತುಟಿಗಳನ್ನು ಕೊಳವೆಯ ಸುತ್ತ ಬಿಗಿಯಾಗಿ ಮುಚ್ಚಬೇಕು. ಬಾಯಿಯಿಂದ ನಿಧಾನವಾಗಿ ಉಸಿರೆಳೆಯಲು ಆರಂಭಿಸುತ್ತಿದ್ದಂತೆಯೇ ಒಮ್ಮೆ ಒತ್ತಿ, ಎಳೆಯುವುದನ್ನು ಮುಂದುವರಿಸಬೇಕು. ನಂತರ 10 ಸೆಕೆಂಡು, ಅಥವಾ ಆದಷ್ಟು ಹೊತ್ತು ಉಸಿರು ಹಿಡಿದು ಬಿಡಬೇಕು. ಎರಡನೆಯದಕ್ಕೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಕುಲುಕಬೇಕು. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು, ಧ್ವನಿ ಒಡೆಯಬಹುದು.

ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಆದರೂ ತಂದೆಯ ಪಟ್ಟಿಯಲ್ಲಿ 15ಕ್ಕೆ ಬಂದದ್ದು 8. ಹುಡುಗಿಗೆ ಸಿಟ್ಟೇ ಬಂತು. 'ಎಲ್ಲಾ ಹೇಳಿದೀನಲ್ಲಪ್ಪಾ' ಎಂದಳು. 'ನಿಮ್ಮಮ್ಮ ಒಂದು ಮಾತೂ ಆಡಲಿಲ್ಲವಲ್ಲ' ಎಂದರು ತಂದೆ.

ಪಟ್ಟಿಯಲ್ಲಿ ಖಾಲಿ ಬಿದ್ದ ಸಾಲುಗಳು ಇವು: ರೋಗಿಯ ಹೆಸರು, ವಯಸ್ಸು ಕೇಳಿ ಖಚಿತಪಡಿಸಿಕೊಂಡಳೇ? ಮೊದಲೇ ಏನು ಗೊತ್ತಿದೆ ಎಂದು ಕೇಳಿದಳೇ? ಭಯವೇನಾದರೂ ಇದೆಯೇ ಎಂದು ಕೇಳಿ, ಉತ್ತರಕ್ಕೆ ಕಾದಳೇ? ಆ ಭಯಕ್ಕೆ ಉತ್ತರ ಕೊಟ್ಟಳೇ? ರೋಗಿಯಿಂದಲೇ ಮಾಡಿಸಿ ನೋಡಿದಳೇ? ತಪ್ಪನ್ನು ತಿದ್ದಿದಳೇ? ಯಾವಾಗ ಆಸ್ಪತ್ರೆಗೆ ಓಡಿಬರಬೇಕೆಂದು ತಿಳಿಸಿದಳೇ?

ಇಲ್ಲಿ ಪಟ್ಟಿ ಬರೆಯುವ ಕ್ರಮವನ್ನೂ ಗಮನಿಸಬೇಕು. 'ಚೆನ್ನಾಗಿ ಮಾತನಾಡಿದಳೇ' ಎಂದು ಬರೆದರೆ ಪ್ರಯೋಜನವಿಲ್ಲ. ಪ್ರೀತಿಯ ತಂದೆ ಪ್ರತಿಸಲವೂ ಅದಕ್ಕೆ ಅಂಕ ಕೊಟ್ಟುಬಿಡುತ್ತಾರೆ. ವೈದ್ಯಶಾಸ್ತ್ರ ಓದದವರೂ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ಹೌದು ಅಥವಾ ಇಲ್ಲ ಎನ್ನಬಹುದಾದ ಕೆಲಸವೇ ಒಂದೊಂದು ಸಾಲಿನಲ್ಲಿರಬೇಕು.

ಎರಡನೆಯ ಸಲ ಅವಳು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಹೆಸರು ಕೇಳಿ, 'ಈ ಪಂಪಿನ ಬಗ್ಗೆ ನಿಮಗೆ ಏನು ಗೊತ್ತಮ್ಮಾ? ಏನಾದರೂ ಅಂಜಿಕೆ ಇದೆಯಾ?' ಎಂದಳು. ಎಂದು ಸುಮ್ಮನಾದಳು. ಮೂರು ನಾಲ್ಕು ಸೆಕೆಂಡಿನ ಮೌನ ಪರೀಕ್ಷೆಯಲ್ಲಿ ಒಂದು ಯುಗದಂತೆ ಕಾಣುತ್ತದೆ. ಆದರೆ ಚೀಟಿಯಲ್ಲಿದ್ದ ಗುಟ್ಟು ಹೊರಬಂದದ್ದು ಆ ಮೌನದಲ್ಲೇ. 'ಇದು ಚಟ ಆಗುತ್ತಂತಲ್ಲಾ ಡಾಕ್ಟ್ರೇ...'

'ಛೇ, ಅದೆಲ್ಲಾ ಸುಳ್ಳು' ಎಂದು ತಳ್ಳಿಹಾಕಿದ್ದರೆ ಲಕ್ಷ್ಮಮ್ಮ ಬಾಯಿ ಮುಚ್ಚಿಕೊಂಡು ಹೋಗಿ ತಮಗೆ ತೋಚಿದಂತೆಯೇ ಮಾಡುತ್ತಿದ್ದರು. ಹುಡುಗಿ ಹಾಗೆನ್ನಲಿಲ್ಲ. 'ಹಾಗೆ ಕೇಳಿದರೆ ಯಾರಿಗಾದರೂ ಭಯವಾಗುತ್ತೆ. ಇದು ಚಟವಾಗುವ ಔಷಧಿಯಲ್ಲಮ್ಮಾ. ದಮ್ಮು ಇಲ್ಲದ ದಿನವೂ ಶ್ವಾಸನಾಳದ ಒಳಗೆ ಊತ ಇರುತ್ತೆ. ಅದನ್ನು ಇಳಿಸುವುದಕ್ಕೆ ದಿನಾ ಬೇಕು. ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಸ್ವಲ್ಪವೇ ಸಾಕು' ಎಂದಳು. ಆಮೇಲೆ ಮಾಡಿ ತೋರಿಸಿ, 'ಈಗ ನೀವು ಮಾಡಿ' ಎಂದು ಪಂಪನ್ನು ತಾಯಿಯ ಕೈಗೆ ಕೊಟ್ಟಳು.

ತಾಯಿ ಚೀಟಿಯಲ್ಲಿದ್ದಂತೆ ಮೊದಲು ಒತ್ತಿ ಆಮೇಲೆ ಎಳೆದರು. ನಿಜವಾದ ಇನ್‌ಹೇಲರ್‌ನಲ್ಲಿ ಹೀಗಾದರೆ ಬಾಯಿಯ ಅಂಚಿನಿಂದ ಬಿಳಿ ಹೊಗೆಯಂತೆ ಹೊರಬರುವುದು ಕಾಣುತ್ತದೆ. ಬಂತೆಂದರೆ ಔಷಧಿ ಎದೆಗೆ ಇಳಿದಿಲ್ಲವೆಂದೇ ಅರ್ಥ. ಜೋರಾಗಿ ಎಳೆದರೂ ಅದು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಹುಡುಗಿ ತಿದ್ದಿ, ಮತ್ತೊಮ್ಮೆ ಮಾಡಿಸಿ, ಆಗಲೂ ಹೊಂದದಿದ್ದರೆ 'ಸ್ಪೇಸರ್' ಎಂಬ ದೊಡ್ಡ ಕೊಳವೆ ಜೋಡಿಸಿಕೊಡುವುದಾಗಿ ಹೇಳಿದಳು. ಮಾತನಾಡಲೂ ಆಗದಷ್ಟು ದಮ್ಮು ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಈ ಸಲ 13. ಬಾಯಿ ಮುಕ್ಕಳಿಸುವುದು ಮತ್ತು ಹೊಸ ಪಂಪನ್ನು ಗಾಳಿಗೆ ಒತ್ತುವುದು ಬಿಟ್ಟುಹೋಗಿತ್ತು. ರೋಗಿಯ ಮಾತು ಕೇಳಲು ಹೊರಟಾಗ ಹೆಜ್ಜೆಗಳು ಜಾರುವುದು ಸಹಜ. ಮೂರು ನಾಲ್ಕು ಸಲ ಮಾಡಿದರೆ ಎರಡೂ ಕೂಡಿಬರುತ್ತವೆ.

ಮನೆಯಲ್ಲಿ ಮಾಡುವವರು ಒಂದೆರಡು ಎಚ್ಚರಿಕೆ ವಹಿಸಬೇಕು. ಔಷಧಿ ತುಂಬಿದ ಇನ್‌ಹೇಲರನ್ನು ಅಭ್ಯಾಸಕ್ಕೆ ಎಳೆದುಕೊಳ್ಳಬಾರದು. ಖಾಲಿಯಾದದ್ದನ್ನು ಬಳಸಿ, ಅದನ್ನೂ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಇಡದೆ ತುಟಿಯ ಮುಂದೆ ಹಿಡಿದು ಅಭಿನಯಿಸಿದರೆ ಸಾಕು. ಇನ್ನು, ತಾಯಿಯಾದವರಿಗೆ ಮಗಳು ತಡವರಿಸಿದ ಕೂಡಲೇ ಗುಟ್ಟನ್ನು ತಾವೇ ಹೇಳಿಬಿಡುವ ಆಸೆ ಬರುತ್ತದೆ. ತಡೆದುಕೊಳ್ಳಬೇಕು. ಎದೆಯ ಸದ್ದು ಆಲಿಸುವಂಥ, ಹೊಟ್ಟೆ ಒತ್ತಿ ನೋಡುವಂಥ ಸ್ಟೇಷನ್‌ಗಳಿಗೆ ಮಾತ್ರ ಈ ವಿಧಾನ ಸಾಲದು. ಆರೋಗ್ಯವಂತರ ಎದೆಯಲ್ಲಿ ಉಬ್ಬಸದ ಸಿಳ್ಳು ಕೇಳುವುದಿಲ್ಲವಲ್ಲ, ಅದಕ್ಕೆ ವಾರ್ಡಿಗೇ ಹೋಗಬೇಕು.

ಒಂದೇ ಚೀಟಿಯನ್ನು ಎರಡು ದಿನಕ್ಕಿಂತ ಹೆಚ್ಚು ಬಳಸಬೇಡಿ, ಗುಟ್ಟು ಗೊತ್ತಾದ ಮೇಲೆ ಕೇಳುವ ಪ್ರಶ್ನೆ ಬರಿಯ ನಾಟಕವಾಗುತ್ತದೆ. ಆ ಮನೆಯಲ್ಲಿ ಮುಂದಿನ ಭಾನುವಾರಕ್ಕೆ ಚೀಟಿ ಬರೆದವರು ತಾಯಿಯೇ: ಇನ್ಸುಲಿನ್ ಬೇಡವೆನ್ನುವ ಸಕ್ಕರೆ ಕಾಯಿಲೆಯ ಯಜಮಾನರು. ರೋಗಿಯಾಗುವ ಸರದಿ ತಂದೆಯದು.