ರಿಗ್ ಒಪ್ಪಿಸಿ ಹೊರಡುವ ಮುನ್ನ: ಹಸ್ತಾಂತರದ ಟಿಪ್ಪಣಿ ಬರೆಯುವ ಬಗೆ

ಅನಿಮೇಷನ್ ಸ್ಟುಡಿಯೊಗಳಲ್ಲಿ ಟೆಕ್ನಿಕಲ್ ಅನಿಮೇಟರ್ ಕೆಲಸ ಬಿಡುವಾಗ, ತಾವು ಕಟ್ಟಿದ ರಿಗ್ ಬಗ್ಗೆ ಒಂದು ಟಿಪ್ಪಣಿ ಬರೆದಿಟ್ಟು ಹೋಗುವುದು ವಾಡಿಕೆ. ನನ್ನ ಕೈಗೆ ಬಂದ ಇಂಥ ಟಿಪ್ಪಣಿಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಕಂಟ್ರೋಲ್‌ಗಳ ಉದ್ದನೆಯ ಪಟ್ಟಿ, ನಾಲ್ಕಾರು ಸ್ಕ್ರೀನ್‌ಶಾಟ್, ಕೊನೆಗೆ 'ಏನಾದರೂ ಗೊತ್ತಾಗದಿದ್ದರೆ ಫೋನ್ ಮಾಡಿ' ಅಂತ ಒಂದು ಸಾಲು. ಪಟ್ಟಿಯಲ್ಲಿರುವುದೆಲ್ಲ ಫೈಲ್ ತೆರೆದರೆ ಯಾರಿಗಾದರೂ ಕಾಣುತ್ತದೆ. ಯಾವುದನ್ನು ಯಾಕೆ ಹಾಗೆ ಮಾಡಿದೆ, ಯಾವುದನ್ನು ಮುಟ್ಟಬಾರದು ಎಂಬುದು ಮಾತ್ರ ಕಾಣುವುದಿಲ್ಲ. ಟಿಪ್ಪಣಿ ಬೇಕಿರುವುದೇ ಅದಕ್ಕೆ.

ರಿಗ್ ಎಂದರೆ ಪಾತ್ರದ ಮೈಯೊಳಗಿನ ಜಾಯಿಂಟ್‌ಗಳು ಮತ್ತು ಅವನ್ನು ಆಡಿಸುವ ಕಂಟ್ರೋಲ್‌ಗಳು. ಅನಿಮೇಟರ್ ಮುಟ್ಟುವುದು ಕಂಟ್ರೋಲ್‌ಗಳನ್ನಷ್ಟೇ. ಒಂದು ರಿಗ್ ಫೈಲನ್ನು ಹತ್ತಾರು ಶಾಟ್‌ಗಳು ರೆಫರೆನ್ಸ್ ಆಗಿ ಬಳಸುತ್ತವೆ. ಇಲ್ಲಿ ಹೇಳುವುದು ಮಾಯಾ ಬಳಸುವವರಿಗೆ. ಉದಾಹರಣೆಗೆ ಪುಟ್ಟ ಎಂಬ ಹುಡುಗನ ಪಾತ್ರವನ್ನು ಇಟ್ಟುಕೊಳ್ಳೋಣ. ಶಾಟ್‌ಗಳಲ್ಲಿ ಅವನ ನೇಮ್‌ಸ್ಪೇಸ್ `putta`.

ಕಂಟ್ರೋಲ್‌ಗಳು: ಸೊನ್ನೆ ಎಂದರೆ ಏನು?

ಎಲ್ಲ ಕಂಟ್ರೋಲ್‌ಗಳನ್ನೂ ವಿವರಿಸಲು ಹೋಗಬೇಡಿ. `L_hand_IK_CTRL` ಎಡಗೈಯನ್ನು ಆಡಿಸುತ್ತದೆ ಎಂದು ಬರೆದರೆ ಓದುವವರ ಸಮಯ ಹಾಳು. ಹೆಸರು ನೋಡಿ ಊಹಿಸಲಾಗದ್ದನ್ನು ಮಾತ್ರ ಬರೆಯಿರಿ.

ಮೊದಲನೆಯದು ಐಕೆ-ಎಫ್‌ಕೆ ಸ್ವಿಚ್. ಕೈಯನ್ನು ಮಣಿಕಟ್ಟಿನಿಂದ ಎಳೆಯಬೇಕೋ (ಐಕೆ), ಭುಜದಿಂದ ಒಂದೊಂದೇ ಕೀಲು ತಿರುಗಿಸುತ್ತ ಬರಬೇಕೋ (ಎಫ್‌ಕೆ) ಎಂಬುದನ್ನು ಇದು ನಿರ್ಧರಿಸುತ್ತದೆ. `ikFk` ಸೊನ್ನೆಯಲ್ಲಿದ್ದಾಗ ಕೈ ಐಕೆಯಲ್ಲಿದೆಯೋ ಎಫ್‌ಕೆಯಲ್ಲಿದೆಯೋ? ಒಂದೊಂದು ಸ್ಟುಡಿಯೊದಲ್ಲಿ ಒಂದೊಂದು ರೂಢಿ. ಒಂದೇ ರಿಗ್‌ನಲ್ಲಿ ಕೈಗೆ ಒಂದು, ಕಾಲಿಗೆ ಇನ್ನೊಂದು ಇರುವುದನ್ನೂ ನೋಡಿದ್ದೇನೆ. ಹಾಗಾಗಿ 'ಕೈ: 0 ಎಫ್‌ಕೆ, 1 ಐಕೆ' ಎಂದು ಸಂಖ್ಯೆ ಹಾಕಿಯೇ ಬರೆಯಿರಿ. ಎಫ್‌ಕೆಯಿಂದ ಐಕೆಗೆ ಬರೀ ಸ್ವಿಚ್ ಬದಲಿಸಿದರೆ ಕೈ ಬೇರೆಲ್ಲಿಗೋ ಜಿಗಿಯುತ್ತದೆ. ಯಾಕೆಂದರೆ ಐಕೆಯ ಕಂಟ್ರೋಲ್ ತನ್ನ ಹಳೆಯ ಜಾಗದಲ್ಲೇ ಕುಳಿತಿರುತ್ತದೆ. ಅದನ್ನು ಕೈ ಇರುವಲ್ಲಿಗೆ ತರುವ ಮ್ಯಾಚ್ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ಅದು ಯಾವ ಶೆಲ್ಫ್‌ನಲ್ಲಿದೆ, ಒತ್ತುವ ಮೊದಲು ಏನನ್ನು ಸೆಲೆಕ್ಟ್ ಮಾಡಬೇಕು ಎಂಬುದನ್ನು ಬರೆಯಿರಿ.

ಎರಡನೆಯದು ಸ್ಪೇಸ್. ಪುಟ್ಟನ ಕೈ ಕಂಟ್ರೋಲ್‌ನ `space` ಆಯ್ಕೆಯಲ್ಲಿ `world`, `chest`, `head` ಎಂದು ಮೂರಿವೆ ಎನ್ನಿ. ತಲೆ ಕೆರೆದುಕೊಳ್ಳುವ ದೃಶ್ಯದಲ್ಲಿ `head` ಇಟ್ಟರೆ ತಲೆ ಅಲ್ಲಾಡಿದಂತೆ ಕೈಯೂ ಅಲ್ಲಾಡುತ್ತದೆ. ಬದಲಿಸಿದ ಫ್ರೇಮ್‌ನಲ್ಲಿ ಕೈ ಜಿಗಿಯದಂತೆ ರಿಗ್ ತಾನೇ ನೋಡಿಕೊಳ್ಳುತ್ತದೆಯೋ, ಅನಿಮೇಟರೇ ಕೀ ಹಾಕಿ ಸರಿಪಡಿಸಬೇಕೋ? ಇದನ್ನು ಹೇಳದ ಟಿಪ್ಪಣಿ ಅರ್ಧ ಟಿಪ್ಪಣಿ.

ಹೆಸರು: ತಪ್ಪಿದ್ದರೂ ತಿದ್ದಬಾರದು

ಎಲ್ಲರೂ ಎಡವುವುದು ಇಲ್ಲೇ. ಹೆಸರಿಡುವ ನಿಯಮವನ್ನು ಬರೆಯುತ್ತಾರೆ: ಮೊದಲು `L_` ಅಥವಾ `R_`, ಆಮೇಲೆ ಅಂಗ, ಕೊನೆಗೆ `_CTRL`, `_JNT`, `_GRP`. ನಿಯಮ ಮೀರಿದ ಹೆಸರುಗಳನ್ನು ಬರೆಯಲು ನಾಚಿಕೆ. ಅದರಿಂದ ಆಗುವ ಹಾನಿಯನ್ನು ಒಂದು ಉದಾಹರಣೆಯಲ್ಲೇ ನೋಡಿ.

ಪುಟ್ಟನ ಎಡ ಮೊಣಕೈ ಯಾವ ಕಡೆ ನೋಡಬೇಕೆಂದು ಹೇಳುವ ಪೋಲ್ ವೆಕ್ಟರ್ ಕಂಟ್ರೋಲ್‌ಗೆ ಅವಸರದಲ್ಲಿ `L_elbw_PV_CTRL` ಎಂದು ಹೆಸರು ಬಿದ್ದಿದೆ, ಒಂದು `o` ಬಿಟ್ಟುಹೋಗಿದೆ. ಗಮನಕ್ಕೆ ಬರುವ ಹೊತ್ತಿಗೆ ಶಾಟ್‌ಗಳು ಶುರುವಾಗಿವೆ. ಕಟ್ಟಿದವರಿಗೆ ಇದು ಗೊತ್ತು, ಆದ್ದರಿಂದ ಹಾಗೇ ಬಿಟ್ಟಿದ್ದಾರೆ. ಅವರು ಹೋದ ಮೇಲೆ ಬಂದವರು ಅಚ್ಚುಕಟ್ಟಿನ ಮನುಷ್ಯರು. ಫೈಲ್ ತೆರೆದು `L_elbow_PV_CTRL` ಎಂದು ತಿದ್ದಿ ಸೇವ್ ಮಾಡುತ್ತಾರೆ. ರಿಗ್ ಫೈಲ್‌ನಲ್ಲಿ ಎಲ್ಲವೂ ಸರಿಯಾಗೇ ಕೆಲಸ ಮಾಡುತ್ತದೆ.

ಏಟು ಬೀಳುವುದು ಶಾಟ್‌ಗಳಲ್ಲಿ. ಶಾಟ್ ಫೈಲ್ ತನ್ನ ಅನಿಮೇಷನ್ ಕರ್ವ್ ಅನ್ನು `putta:L_elbw_PV_CTRL.translateX` ಎಂಬ ಹೆಸರಿಗೆ ಜೋಡಿಸಬೇಕೆಂದು ಬರೆದಿಟ್ಟುಕೊಂಡಿರುತ್ತದೆ. ಆ ಹೆಸರಿನವರು ಈಗ ಮನೆಯಲ್ಲಿಲ್ಲ. ಜೋಡಣೆ ಸೋಲುತ್ತದೆ, ಕರ್ವ್ ಬೀದಿಪಾಲಾಗುತ್ತದೆ, ಕಂಟ್ರೋಲ್ ತನ್ನ ಮೂಲ ಜಾಗದಲ್ಲಿ ನಿಲ್ಲುತ್ತದೆ. ದೊಡ್ಡ ಎರರ್ ಬಾಕ್ಸ್ ಏನೂ ಬರುವುದಿಲ್ಲ, ಸ್ಕ್ರಿಪ್ಟ್ ಎಡಿಟರ್‌ನಲ್ಲಿ ಒಂದೆರಡು ಎಚ್ಚರಿಕೆಯ ಸಾಲು ಬಂದರೆ ಬಂತು. ಅಂಗೈ ತನ್ನ ಜಾಗದಲ್ಲೇ ಇರುವುದರಿಂದ ಮೇಲ್ನೋಟಕ್ಕೆ ಶಾಟ್ ಸರಿಯಾಗೇ ಕಾಣುತ್ತದೆ. ಆದರೆ ಪುಟ್ಟ ಮುಂದೆ ಮುಂದೆ ನಡೆದಂತೆ ಅವನ ಎಡ ಮೊಣಕೈ ಮಾತ್ರ ಹೊರಟ ಜಾಗದ ಕಡೆಗೇ ತಿರುಗುತ್ತ ಹೋಗುತ್ತದೆ. ಕೈ ಚಾಚಿಕೊಂಡಿರುವ ಶಾಟ್‌ಗಳಲ್ಲಿ ಅದೂ ಕಣ್ಣಿಗೆ ಬೀಳುವುದು ಕಷ್ಟ. ಹಾಗೇ ರೆಂಡರ್‌ಗೆ ಹೋಗಿಬಿಡುತ್ತದೆ.

ಇಂಥದ್ದು ಆಗಿದೆಯೋ ಎಂದು ತಿಳಿಯಲು Reference Editor ತೆರೆದು, ರಿಗ್ ಅನ್ನು ಆಯ್ದು, List Reference Edits ನೋಡಿ. ಸೋತ ಎಡಿಟ್‌ಗಳ ಸಾಲಿನಲ್ಲಿ ಹಳೆಯ ಹೆಸರು ಇದ್ದರೆ ಇದೇ ಕಾರಣ. ರಿಗ್‌ನಲ್ಲಿ ಹಳೆಯ ಹೆಸರನ್ನು ಮತ್ತೆ ಇಟ್ಟು ಶಾಟ್ ತೆರೆದರೆ ಅನಿಮೇಷನ್ ವಾಪಸ್ ಬರುತ್ತದೆ. ಆದರೆ ನಡುವೆ ಯಾರಾದರೂ 'ಕಸ ತೆಗೆಯುತ್ತೇನೆ' ಎಂದು ಸೋತ ಎಡಿಟ್‌ಗಳನ್ನು ಅಳಿಸಿ ಶಾಟ್ ಸೇವ್ ಮಾಡಿದ್ದರೆ ಜೋಡಣೆಯ ಮಾಹಿತಿಯೇ ಹೋಗಿರುತ್ತದೆ. ಆಗ ಹಳೆಯ ಬ್ಯಾಕಪ್ ಹುಡುಕಬೇಕು. ಆದ್ದರಿಂದ ಕಾರಣ ಗೊತ್ತಾಗುವ ತನಕ ಯಾವ ಶಾಟನ್ನೂ ಸೇವ್ ಮಾಡಬೇಡಿ ಎಂದು ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಇದನ್ನೆಲ್ಲ ತಪ್ಪಿಸಲು ಟಿಪ್ಪಣಿಯಲ್ಲಿ ಬೇಕಾದದ್ದು ಒಂದೇ ಸಾಲು: '`L_elbw_PV_CTRL`: ಕಾಗುಣಿತ ತಪ್ಪಿದೆ, ಗೊತ್ತಿದೆ. ಈ ಪ್ರಾಜೆಕ್ಟ್ ಮುಗಿಯುವವರೆಗೆ ತಿದ್ದಬೇಡಿ.' ಹೊಸ ಕಂಟ್ರೋಲ್ ಸೇರಿಸಿದರೆ ತೊಂದರೆಯಿಲ್ಲ. ಇರುವುದರ ಹೆಸರು ಬದಲಿಸುವುದು, ಅಳಿಸುವುದು, ಅದರ ಮೂಲ ಜಾಗ ಅಥವಾ ರೊಟೇಟ್ ಆರ್ಡರ್ ಬದಲಿಸುವುದು, ಈ ನಾಲ್ಕೂ ಹಳೆಯ ಶಾಟ್‌ಗಳನ್ನು ಕೆಡಿಸುತ್ತವೆ.

ನಿಯಮ ಬರೆಯುವಾಗ ಅದರ ಕಾರಣವನ್ನೂ ಬರೆಯಿರಿ. ಪುಟ್ಟನ ರಿಗ್‌ನಲ್ಲಿ ಪಾದದ ಮುಂಭಾಗದ ಕಂಟ್ರೋಲ್ ಹೆಸರು `L_ballRoll_CTRL`. 'BALL ಎಂದು ದೊಡ್ಡಕ್ಷರದಲ್ಲಿ ಬರೆಯಬೇಡಿ' ಎಂಬ ನಿಯಮ ಓದಿದವರಿಗೆ ಅದು ಬರೀ ಹಟ ಅನ್ನಿಸುತ್ತದೆ. ಕಾರಣ ಇರುವುದು ಮಿರರ್ ಸ್ಕ್ರಿಪ್ಟ್‌ನಲ್ಲಿ. ಅದು ಹೆಸರಿನಲ್ಲಿ `L_` ಕಂಡಲ್ಲೆಲ್ಲ `R_` ಹಾಕುತ್ತದೆ. `L_BALL_CTRL` ಸಿಕ್ಕರೆ `R_BALR_CTRL` ಮಾಡಿಕೊಂಡು, ಇಲ್ಲದ ಕಂಟ್ರೋಲನ್ನು ಹುಡುಕಿ, ಸಿಗದೆ ಸುಮ್ಮನಾಗುತ್ತದೆ. ಇಡೀ ಭಂಗಿ ಮಿರರ್ ಆದರೂ ಒಂದು ಪಾದ ಮಾತ್ರ ಹಾಗೇ ಉಳಿಯುತ್ತದೆ. ಕಾರಣ ತಿಳಿದವರು ನಿಯಮ ಮುರಿಯುವುದಿಲ್ಲ. ಬೇಕಾದರೆ ಸ್ಕ್ರಿಪ್ಟನ್ನೇ ಸರಿಪಡಿಸುತ್ತಾರೆ.

ಹೊರಡುವ ಮುನ್ನ ಒಂದೇ ಹೆಸರು ಎರಡು ಕಡೆ ಇದೆಯೇ ಎಂದೂ ನೋಡಿ. ರಿಗ್ ಫೈಲ್ ತೆರೆದು ಇದನ್ನು ಓಡಿಸಿ:

```python
import maya.cmds as cmds
print([n for n in cmds.ls(type='transform') if '|' in n])
```

ಖಾಲಿ ಪಟ್ಟಿ ಬಂದರೆ ಕ್ಷೇಮ. ನಡುವೆ ಗೆರೆ ಇರುವ ಹೆಸರು ಬಂದರೆ ಅದಕ್ಕೆ ಜೋಡಿ ಇದೆ ಎಂದರ್ಥ. ಅದು ಶಾಟ್‌ಗಳಲ್ಲಿ ಕೀ ಹಾಕುವ ಕಂಟ್ರೋಲ್ ಅಲ್ಲದಿದ್ದರೆ ತಿದ್ದಿ. ಕಂಟ್ರೋಲ್ ಆಗಿದ್ದರೆ ತಿದ್ದಬೇಡಿ, ಟಿಪ್ಪಣಿಗೆ ಸೇರಿಸಿ.

ರಿಗ್‌ನ ಚಾಳಿಗಳು

ಪ್ರತಿ ರಿಗ್‌ಗೂ ಕೆಲವು ಚಾಳಿಗಳು ಇರುತ್ತವೆ. 'ಮೊಣಕಾಲು ಕೆಲವೊಮ್ಮೆ ಪಾಪ್ ಆಗುತ್ತದೆ' ಎಂದು ಬರೆದರೆ ಉಪಯೋಗವಿಲ್ಲ. ಏನು ಕಾಣುತ್ತದೆ, ಯಾಕೆ ಆಗುತ್ತದೆ, ಅನಿಮೇಟರ್ ಏನು ಮಾಡಬೇಕು, ನೀವು ಅದನ್ನು ಯಾಕೆ ಸರಿಪಡಿಸದೆ ಬಿಟ್ಟಿರಿ ಎಂಬ ನಾಲ್ಕನ್ನೂ ಹೇಳಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಮೊಣಕಾಲಿನದನ್ನೇ ನೋಡಿ. ಪುಟ್ಟ ನಡೆಯುವಾಗ ಹಿಂದಿನ ಕಾಲು ಪೂರ್ತಿ ನೆಟ್ಟಗಾಗುವ ಹೊತ್ತಿಗೆ ಮೊಣಕಾಲು ಒಂದೇ ಫ್ರೇಮ್‌ನಲ್ಲಿ ಟಕ್ಕನೆ ಹಿಂದಕ್ಕೆ ಹೊಡೆಯುತ್ತದೆ. ಗ್ರಾಫ್ ಎಡಿಟರ್‌ನಲ್ಲಿ ಪಾದದ ಕರ್ವ್, ಸೊಂಟದ ಕರ್ವ್ ಎರಡೂ ನಯವಾಗೇ ಇರುತ್ತವೆ. ತಪ್ಪು ಅನಿಮೇಟರ್‌ನದಲ್ಲ ಎಂಬುದಕ್ಕೆ ಅದೇ ಗುರುತು. ಐಕೆಯಲ್ಲಿ ಕಾಲು ನೆಟ್ಟಗಾಗುತ್ತ ಬಂದಂತೆ, ಸೊಂಟಕ್ಕೂ ಪಾದಕ್ಕೂ ಇರುವ ದೂರ ಕೂದಲೆಳೆಯಷ್ಟು ಹೆಚ್ಚಿದರೂ ಮೊಣಕಾಲಿನ ಕೋನ ತುಂಬ ಬದಲಾಗುತ್ತದೆ. ಅದು ಲೆಕ್ಕದ ಸ್ವಭಾವ. ಆ ಕೆಲವು ಫ್ರೇಮ್‌ಗಳಲ್ಲಿ ಸೊಂಟವನ್ನು ಸ್ವಲ್ಪ ಕೆಳಗಿಳಿಸಿದರೆ ಸರಿಹೋಗುತ್ತದೆ. ಸ್ಟ್ರೆಚ್ ಅನ್ನು ಮೊದಲಿನಿಂದಲೇ ಆನ್ ಇಡಬಹುದಿತ್ತಲ್ಲ ಎಂದು ಹೊಸಬರು ಕೇಳುತ್ತಾರೆ. ಈಗ ಹಾಗೆ ಮಾಡಿದರೆ, ಈಗಾಗಲೇ ಒಪ್ಪಿಗೆಯಾದ ಶಾಟ್‌ಗಳಲ್ಲಿ ಕಾಲಿನ ಉದ್ದವೇ ಬದಲಾಗುತ್ತದೆ. ಬಿಟ್ಟ ಕಾರಣ ಅದು, ಅದನ್ನು ಬರೆಯಿರಿ.

ಇನ್ನೊಂದು, ಪಾತ್ರದ ಅಳತೆ. `main_CTRL` ಅನ್ನು 1.5 ಪಟ್ಟು ಹಿಗ್ಗಿಸಿದ ಕೂಡಲೇ ಯಾರೂ ಎಳೆಯದಿದ್ದರೂ ಪುಟ್ಟನ ಕೈಕಾಲು ರಬ್ಬರಿನಂತೆ ಉದ್ದವಾದರೆ, ಸ್ಟ್ರೆಚ್ ಲೆಕ್ಕದಲ್ಲಿ ಮೂಲ ಉದ್ದವನ್ನು ಪಾತ್ರದ ಅಳತೆಯೊಂದಿಗೆ ಗುಣಿಸಿಲ್ಲ ಎಂದರ್ಥ. ದೂರ ದೊಡ್ಡದಾಗಿದೆ, ಹೋಲಿಸುವ ಅಂಕಿ ಹಳೆಯದೇ ಇದೆ. ಪುಟ್ಟನನ್ನು ಹಿಗ್ಗಿಸಿದ ಶಾಟ್ ಇನ್ನೂ ಇಲ್ಲದಿದ್ದರೆ ಇವತ್ತೇ ಸರಿಪಡಿಸಿ ಹೋಗಿ. ಇದ್ದರೆ ಆ ಶಾಟ್‌ಗಳ ಸಂಖ್ಯೆ ಬರೆಯಿರಿ. ಅಲ್ಲಿ ಅನಿಮೇಟರ್‌ಗಳು ತಮ್ಮದೇ ರೀತಿಯಲ್ಲಿ ಸರಿದೂಗಿಸಿಕೊಂಡಿರುತ್ತಾರೆ, ಈಗ ತಿದ್ದಿದರೆ ಅವು ಕೆಡುತ್ತವೆ.

ಪ್ಲೇ ಮಾಡಿದಾಗೊಂದು ಥರ, ಫ್ರೇಮ್ ಮೇಲೆ ನಿಂತಾಗೊಂದು ಥರ ರಿಗ್ ಕಂಡರೆ, ಪ್ರಿಫರೆನ್ಸಸ್‌ನ Animation ಭಾಗದಲ್ಲಿ Evaluation mode ಅನ್ನು Parallel ನಿಂದ DG ಗೆ ಬದಲಿಸಿ ನೋಡಲು ಹೇಳಿ. ಆಗ ಸರಿಹೋದರೆ ದೋಷ ಹೆಚ್ಚಾಗಿ ರಿಗ್‌ನ ಜೋಡಣೆಯಲ್ಲಿರುತ್ತದೆ, ಅನಿಮೇಷನ್‌ನಲ್ಲಲ್ಲ.

ಉಳಿದದ್ದು

ಜಾಗ ಕಡಿಮೆ ಇರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಶಾಟ್‌ಗಳು ಬಳಸುತ್ತಿರುವ ರಿಗ್ ಫೈಲ್ ಯಾವ ಫೋಲ್ಡರ್‌ನಲ್ಲಿದೆ, ಅದು ಕೈಯಲ್ಲಿ ತಿದ್ದಿದ ಫೈಲೋ ಸ್ಕ್ರಿಪ್ಟ್ ಕಟ್ಟಿದ್ದೋ ಎಂದು ಬರೆಯಿರಿ. ಸ್ಕ್ರಿಪ್ಟ್ ಕಟ್ಟಿದ್ದಾದರೆ ಕೈಯಲ್ಲಿ ಮಾಡಿದ ತಿದ್ದುಪಡಿ ಮುಂದಿನ ಬಿಲ್ಡ್‌ನಲ್ಲಿ ಅಳಿಸಿಹೋಗುತ್ತದೆ. ಪಾತ್ರ ಅನ್‌ರಿಯಲ್ ಎಂಜಿನ್‌ಗೂ ಹೋಗುವುದಿದ್ದರೆ ಜಾಯಿಂಟ್‌ಗಳ ಹೆಸರಿಗೂ ಬದಲಿಸಬಾರದೆಂಬ ಮೇಲಿನ ನಿಯಮವೇ, ಎಂಜಿನ್ ಮೂಳೆಗಳನ್ನು ಗುರುತಿಸುವುದು ಹೆಸರಿನಿಂದಲೇ.

ಕೊನೆಯ ವಾರಕ್ಕೆ ಕಾಯದೆ ಟಿಪ್ಪಣಿಯನ್ನು ಬರುವವರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಇಪ್ಪತ್ತನೇ ಫ್ರೇಮ್‌ನಲ್ಲಿ ಪುಟ್ಟನ ಬಲಗೈಯನ್ನು ಜಿಗಿಯದಂತೆ ಐಕೆಯಿಂದ ಎಫ್‌ಕೆಗೆ ತರಲು, ಆಮೇಲೆ ಭಂಗಿಯನ್ನು ಮಿರರ್ ಮಾಡಲು ಹೇಳಿ. ನೀವು ಮಾತಾಡಬೇಡಿ. ಅವರು ನಿಮ್ಮ ಕಡೆ ತಿರುಗಿ ಪ್ರಶ್ನೆ ಕೇಳಿದರೆ, ಉತ್ತರವನ್ನು ಬಾಯಲ್ಲಿ ಹೇಳದೆ ಟಿಪ್ಪಣಿಯಲ್ಲೇ ಬರೆದು ತೋರಿಸಿ.