ಟ್ರಸ್ಟಿಗಳ ಚುನಾವಣೆಗೆ ನೋಟಿಸ್ ಬರೆಯುವಾಗ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಕೆಲವು ದೇವಸ್ಥಾನ ಟ್ರಸ್ಟ್‌ಗಳಿಗೆ, ಸಮುದಾಯ ಭವನಗಳಿಗೆ ಚುನಾವಣಾಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಇಲ್ಲಿನ ಜಗಳಗಳು ಮತ ಎಣಿಕೆಯ ದಿನ ಹುಟ್ಟುವುದು ಅಪರೂಪ. ಸೋತ ಬಣ ತಕರಾರು ಬರೆಯಲು ಕೂತಾಗ ಮೊದಲು ತೆಗೆಯುವುದು ನೋಟಿಸನ್ನು. ಅದರಲ್ಲಿ ಹೇಳದೆ ಬಿಟ್ಟ ಒಂದು ಸಾಲು ಸಿಕ್ಕರೆ ಇಡೀ ಚುನಾವಣೆಯೇ ಅಲುಗಾಡುತ್ತದೆ.

ನೋಟಿಸ್ ಬರೆಯುವ ಮೊದಲು ಸಂಸ್ಥೆ ಯಾವ ಕಾಯ್ದೆಯಡಿ ನಿಂತಿದೆ ಎಂದು ನೋಡಬೇಕು. ಹೆಸರಿನಲ್ಲಿ ಟ್ರಸ್ಟ್ ಎಂದಿದ್ದರೂ ಎಷ್ಟೋ ಸಂಸ್ಥೆಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಅಂಥ ಕಡೆ ದೂರು ಸಂಘಗಳ ರಿಜಿಸ್ಟ್ರಾರ್ ಬಳಿಗೆ ಹೋಗುತ್ತದೆ. 25ನೇ ಕಲಮಿನಡಿ ವಿಚಾರಣೆ ನಡೆಯಬಹುದು, ಕೈಮೀರಿದರೆ 27ಎ ಕಲಮಿನಡಿ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಬಹುದು. ಕೆ.ಆರ್. ರಸ್ತೆಯ ಒಕ್ಕಲಿಗರ ಸಂಘದಂಥ ದೊಡ್ಡ ಸಂಸ್ಥೆಯೂ ಆಡಳಿತಾಧಿಕಾರಿಯ ಕೈಯಲ್ಲಿದ್ದು, 2021ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದ ಮೇಲೆಯೇ ಸದಸ್ಯರ ಆಡಳಿತಕ್ಕೆ ಮರಳಿತು. ನಿಜವಾದ ಸಾರ್ವಜನಿಕ ಟ್ರಸ್ಟ್ ಆದರೆ ಟ್ರಸ್ಟ್ ಡೀಡೇ ಕಾನೂನು. ಹಿತಾಸಕ್ತಿಯುಳ್ಳ ಇಬ್ಬರು ಸೇರಿ, ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬಹುದು. ಹಾಗಾಗಿ ನೋಟಿಸಿನ ಮೊದಲ ಸಾಲಿನಲ್ಲೇ ಯಾವ ಬೈಲಾದ ಅಥವಾ ಡೀಡಿನ ಯಾವ ಕಲಮಿನಂತೆ ಈ ಚುನಾವಣೆ ಎಂದು ಬರೆಯಿಸುತ್ತೇನೆ.

ದಿನಾಂಕಗಳನ್ನು ಮತದಾನದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಮತದಾನ 2025ರ ಫೆಬ್ರವರಿ 16, ಭಾನುವಾರ ಎಂದುಕೊಳ್ಳಿ. ಬೈಲಾ ಕೇಳುವುದು 21 ಪೂರ್ಣ ದಿನಗಳ ನೋಟಿಸ್. ಪೂರ್ಣ ದಿನ ಎಂದಾಗ ನೋಟಿಸ್ ತಲುಪಿದ ದಿನವೂ ಮತದಾನದ ದಿನವೂ ಲೆಕ್ಕಕ್ಕಿಲ್ಲ. ಜನವರಿ 26ರಿಂದ ಫೆಬ್ರವರಿ 15ರವರೆಗೆ ಸರಿಯಾಗಿ 21 ದಿನ. ಅಂದರೆ ಜನವರಿ 25ರೊಳಗೆ ನೋಟಿಸ್ ಸದಸ್ಯರ ಕೈಸೇರಿರಬೇಕು. 25ರಂದು ಅಂಚೆಗೆ ಹಾಕಿದರೆ ಸಾಲದು, ಏಕೆಂದರೆ ಅಂಚೆಯಲ್ಲಿ ಕಳಿಸಿದ್ದು ಮಾಮೂಲಾಗಿ ತಲುಪುವ ಹೊತ್ತಿಗೆ ತಲುಪಿತೆಂದು ಕಾನೂನು ಭಾವಿಸುತ್ತದೆ, ಹಾಕಿದ ಹೊತ್ತಿಗಲ್ಲ. ನಾನಾದರೆ ಜನವರಿ 13ರ ಸೋಮವಾರ, ಸಂಕ್ರಾಂತಿಯ ಹಿಂದಿನ ದಿನವೇ ಕಳಿಸಿಬಿಡುತ್ತೇನೆ.

ಹಳೆಯ ಬೈಲಾಗಳಲ್ಲಿ ಇನ್ನೊಂದು ತೊಡಕಿದೆ. ನೋಟಿಸನ್ನು ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಮೂಲಕ ಕಳಿಸಬೇಕು ಎಂದು ಬರೆದಿರುತ್ತದೆ. ಆ ಸೇವೆಯನ್ನು ಅಂಚೆ ಇಲಾಖೆ 2011ರಲ್ಲೇ ನಿಲ್ಲಿಸಿದೆ. ಇಂಥಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಮುಗಿಸುವುದು ಅಪಾಯ. ಅದಕ್ಕಿಂತ ಗಟ್ಟಿಯಾದ ದಾರಿಯಾದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದಾಗಿ ಸಮಿತಿ ಠರಾವು ಮಾಡಿ, ಆ ಠರಾವಿನ ದಿನಾಂಕವನ್ನು ನೋಟಿಸಿನಲ್ಲೇ ಕಾಣಿಸಬೇಕು. ವಾಟ್ಸ್ಆ್ಯಪ್ ಹೆಚ್ಚುವರಿ ತಿಳಿವಳಿಕೆಗೆ ಮಾತ್ರ.

ಮುಂದಿನದು ಮತದಾರರ ಪಟ್ಟಿ. ನಾಮಪತ್ರಕ್ಕಿಂತ ಮೊದಲು ಅದು ಅಂತಿಮವಾಗಬೇಕು. ಇಲ್ಲದಿದ್ದರೆ ಸ್ಪರ್ಧಿಸುವವರು, ಸೂಚಕರು, ಅನುಮೋದಕರು ಸದಸ್ಯರು ಹೌದೋ ಅಲ್ಲವೋ ಎಂಬ ಜಗಳ ಪರಿಶೀಲನೆಯ ಮೇಜಿನ ಮೇಲೆ ನಡೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಕರಡು ಪಟ್ಟಿ ನೋಟಿಸಿನ ಜೊತೆಗೇ ಸೂಚನಾ ಫಲಕಕ್ಕೆ ಬರುತ್ತದೆ. ಆಕ್ಷೇಪಣೆಗೆ 22ರವರೆಗೆ ಕಾಲ, 25ಕ್ಕೆ ಅಂತಿಮ ಪಟ್ಟಿ. ನಾಮಪತ್ರ 27ರಿಂದ 31, ಪರಿಶೀಲನೆ ಫೆಬ್ರವರಿ 1, ನಾಮಪತ್ರ ವಾಪಸಿಗೆ 4ರ ಸಂಜೆ 5 ಗಂಟೆಯವರೆಗೆ. ಉಳಿದ ದಿನಗಳು ಮತಪತ್ರ ಅಚ್ಚು ಹಾಕಿಸಲು, ಪ್ರಚಾರಕ್ಕೆ.

ಪ್ರತಿ ದಿನಾಂಕದ ಜೊತೆ ಗಂಟೆ, ಜಾಗ, ಸ್ವೀಕರಿಸುವವರ ಹುದ್ದೆ ಇರಲೇಬೇಕು. ನಮ್ಮ ಕಡೆ ರಾಹುಕಾಲದಲ್ಲಿ ನಾಮಪತ್ರ ಕೊಡುವವರು ಕಡಿಮೆ. 31 ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಕಚೇರಿಯನ್ನು ಬೆಳಿಗ್ಗೆ 10ರಿಂದ 1ರವರೆಗೆ ಮಾತ್ರ ತೆರೆದಿಟ್ಟರೆ ಎಲ್ಲರೂ ಹನ್ನೆರಡರ ಮೇಲೆ ಒಟ್ಟಿಗೆ ನುಗ್ಗುತ್ತಾರೆ, ಒಂದು ಗಂಟೆಗೆ ಬಾಗಿಲಲ್ಲಿ ನಿಂತವರದು ತಕರಾರಾಗುತ್ತದೆ. ಅದಕ್ಕೆ ಸಂಜೆ 5ರವರೆಗೆ ಸಮಯವಿಟ್ಟು, 5ಕ್ಕೆ ಆವರಣದೊಳಗೆ ಇದ್ದವರಿಗೆ ಚೀಟಿ ಕೊಟ್ಟು ಅವರದಷ್ಟೇ ತೆಗೆದುಕೊಳ್ಳಲಾಗುವುದು ಎಂದು ನೋಟಿಸಿನಲ್ಲಿ ಹೇಳುತ್ತೇನೆ. ಕೊಟ್ಟವರಿಗೆ ಗಂಟೆ-ನಿಮಿಷ ಬರೆದ ಸ್ವೀಕೃತಿ. ವಾಪಸ್ ಪಡೆಯುವುದಾದರೆ ಅಭ್ಯರ್ಥಿ ಖುದ್ದಾಗಿ ಬಂದು ಸಹಿ ಹಾಕಬೇಕು. ಬೇರೆಯವರು ತಂದ ಪತ್ರದ ಮೇಲೆ ಹೆಸರು ತೆಗೆದರೆ, ಆ ಸಹಿ ನನ್ನದಲ್ಲ ಎಂಬ ಮಾತು ಬರುತ್ತದೆ.

ಅರ್ಹತೆಯ ಭಾಗದಲ್ಲಿ ನಾನು ಅತಿ ಕಟ್ಟುನಿಟ್ಟು. ಬೈಲಾದಲ್ಲಿ ಇಲ್ಲದ ಹೊಸ ಷರತ್ತನ್ನು ನೋಟಿಸ್ ಹುಟ್ಟಿಸುವಂತಿಲ್ಲ. ಒಂದು ಟ್ರಸ್ಟಿನಲ್ಲಿ ಆಡಳಿತದಲ್ಲಿದ್ದ ಬಣ, ಕಟ್ಟಡ ನಿಧಿಗೆ ಇಂತಿಷ್ಟು ದೇಣಿಗೆ ಕೊಟ್ಟವರು ಮಾತ್ರ ಸ್ಪರ್ಧಿಸಬಹುದು ಎಂಬ ಸಾಲು ಸೇರಿಸಲು ಬಂತು. ಡೀಡಿನಲ್ಲಿ ಇದ್ದುದು ಮೂರು ವರ್ಷದ ಸದಸ್ಯತ್ವ, ಬಾಕಿ ಇರಬಾರದು ಎಂಬ ಎರಡೇ ಮಾತು. ಆ ಸಾಲಿದ್ದರೆ ಸಹಿ ಹಾಕುವುದಿಲ್ಲ ಎಂದೆ. ಸೇರಿಸಿದ್ದರೆ ಎದುರು ಬಣದ ವಕೀಲರಿಗೆ ಬೇರೆ ಕೆಲಸವೇ ಬೇಕಿರಲಿಲ್ಲ.

ಆದರೆ ಇರುವ ಷರತ್ತನ್ನು ಯಾವ ದಿನಕ್ಕೆ ಅಳೆಯಬೇಕು ಎಂದು ಬೈಲಾ ಮೌನವಾಗಿದ್ದರೆ, ಅದನ್ನು ನೋಟಿಸ್ ಹೇಳಲೇಬೇಕು. ಮೂರು ವರ್ಷ ಎಂದರೆ ಯಾವ ತಾರೀಕಿಗೆ ಮೂರು ವರ್ಷ? ಬಾಕಿ ಯಾವ ದಿನದೊಳಗೆ ಕಟ್ಟಿರಬೇಕು? ಇದನ್ನು ಬಿಟ್ಟರೆ ಕೊನೆಯ ದಿನ ಒಬ್ಬರೇ ಬಂದು ಹತ್ತಾರು ಮಂದಿಯ ಬಾಕಿ ಕಟ್ಟಿ, ರಸೀದಿಗಳ ಕಂತೆ ಹಿಡಿದು ನಿಲ್ಲುತ್ತಾರೆ. ಡಿಸೆಂಬರ್ 31ರಂಥ, ನೋಟಿಸಿಗಿಂತ ಹಿಂದಿನ ದಿನವನ್ನು ಗೊತ್ತುಮಾಡಿ, ಅದನ್ನು ಎರಡೂ ಬಣಗಳಿಗೆ ಒಂದೇ ರೀತಿ ಅನ್ವಯಿಸಿದರೆ ಯಾರ ಕೈಗೂ ಅದು ಸಾಧನವಾಗುವುದಿಲ್ಲ.

ಮತದಾನದ ವಿಧಾನದಲ್ಲಿ ಜಗಳಕ್ಕೆ ಹೆಚ್ಚು ದಾರಿ ಮಾಡಿಕೊಡುವುದು ಮತಗಳ ಸಂಖ್ಯೆ. ಒಂಬತ್ತು ಸ್ಥಾನಗಳಿವೆ. ಒಬ್ಬ ಸದಸ್ಯ ಒಂಬತ್ತು ಗುರುತು ಹಾಕಲೇಬೇಕೇ, ಗರಿಷ್ಠ ಒಂಬತ್ತೇ? ಹಾಕಲೇಬೇಕು ಎಂದರೆ ಲಾಭ ಪೂರ್ಣ ತಂಡ ಕಟ್ಟಿಕೊಂಡ ಬಣಗಳಿಗೆ. ತನಗೆ ಬೇಕಾದ ಇಬ್ಬರಿಗೆ ಮಾತ್ರ ಮತ ಕೊಡಬೇಕೆಂದು ಬಂದ ಸದಸ್ಯ ಉಳಿದ ಏಳನ್ನು ಅವರ ಎದುರಾಳಿಗಳಿಗೇ ಹಾಕಬೇಕಾಗುತ್ತದೆ. ಬೈಲಾ ಬೇರೆ ಹೇಳದಿದ್ದರೆ ಗರಿಷ್ಠ ಒಂಬತ್ತು ಎಂಬುದೇ ನ್ಯಾಯ. ಒಂಬತ್ತಕ್ಕಿಂತ ಹೆಚ್ಚು ಗುರುತಿದ್ದರೆ ಇಡೀ ಮತಪತ್ರ ಅಸಿಂಧು, ಕಡಿಮೆ ಇದ್ದರೆ ಸಿಂಧು, ಒಬ್ಬರಿಗೆ ಒಂದೇ ಮತ ಎಂದು ಬಿಡಿಸಿ ಬರೆಯಬೇಕು. ಹೆಸರುಗಳು ಕನ್ನಡ ಅಕ್ಷರಾನುಕ್ರಮದಲ್ಲಿ, ಬಣದ ಗುರುತಿಲ್ಲದೆ.

ಮಕ್ಕಳ ಮನೆಯೆಂದು ಅಮೆರಿಕದಲ್ಲಿರುವ ಹಿರಿಯ ಸದಸ್ಯರು ಜೆ.ಪಿ. ನಗರದಲ್ಲಿ ಬಹಳ. ಆನ್‌ಲೈನ್ ಮತವೋ ಬದಲಿ ಮತವೋ ಕೊಡಿ ಎಂದು ಅವರು ಕೇಳುತ್ತಾರೆ, ಕೇಳುವುದು ಸಹಜ. ಆದರೆ ಬೈಲಾದಲ್ಲಿ ಇಲ್ಲದಿದ್ದರೆ ಇಲ್ಲ. ಬೇಕಾದರೆ ಸರ್ವಸದಸ್ಯರ ಸಭೆ ಮೊದಲು ತಿದ್ದುಪಡಿ ಮಾಡಲಿ. ತೀರಿಕೊಂಡ ಸದಸ್ಯರ ಮಗ ಹಳೆಯ ಸದಸ್ಯತ್ವ ಕಾರ್ಡ್ ಹಿಡಿದು ಬಂದರೂ ಇದೇ ಉತ್ತರ. ಇವೆರಡನ್ನೂ ನೋಟಿಸಿನಲ್ಲೇ ಹೇಳಿದರೆ ಬಾಗಿಲಲ್ಲಿ ಯಾರ ಮನಸ್ಸೂ ನೋಯುವುದಿಲ್ಲ.

ಮುಂದೂಡಿಕೆಯ ಕಲಮನ್ನು ನಾನು 2021ರ ನಂತರ ಸೇರಿಸತೊಡಗಿದೆ. ಆ ವರ್ಷ ಮೇ 9ಕ್ಕೆ ನಿಗದಿಯಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆ ಕೋವಿಡ್‌ನಿಂದಾಗಿ ನಡೆದದ್ದು ನವೆಂಬರ್ 21ಕ್ಕೆ. ಮತದಾನ ಮುಂದಕ್ಕೆ ಹೋದರೆ ಸಲ್ಲಿಕೆಯಾದ ನಾಮಪತ್ರಗಳು, ಅಂತಿಮ ಮತದಾರರ ಪಟ್ಟಿ ಹಾಗೇ ನಿಲ್ಲುತ್ತವೆಯೇ, ಎಲ್ಲ ಹೊಸದಾಗಿ ಶುರುವೇ ಎಂದು ಮೊದಲೇ ಬರೆದಿರಬೇಕು. ಸಮ ಮತ ಬಂದರೆ ಚೀಟಿ ಎತ್ತುವುದು, ಚೀಟಿ ಬಂದವರಿಗೆ ಒಂದು ಮತ ಹೆಚ್ಚು ಬಂದಂತೆ ಎಂಬುದು ಶಾಸನಸಭೆಯ ಚುನಾವಣೆಯಲ್ಲೂ ಇರುವ ಕ್ರಮ. ಬೈಲಾದಲ್ಲಿ ಬೇರೆ ಮಾತಿಲ್ಲದಿದ್ದರೆ ಅದನ್ನೇ ನೋಟಿಸಿನ ಕೊನೆಯ ಕಲಮಾಗಿ ಹಾಕುತ್ತೇನೆ. ಅದರ ಕೆಳಗೆ ನನ್ನ ಸಹಿ, ಮತ್ತು ಎರಡೂ ಬಣಗಳ ಒಬ್ಬೊಬ್ಬ ಪ್ರತಿನಿಧಿ ಕರಡನ್ನು ಓದಿ ಹಾಕಿದ ಸಹಿಯಿರುವ ಕಡತದ ಸಂಖ್ಯೆ.